ಮಂಗಳನ ಮೇಲೆ ರೀಸೆಟ್ ಆಗುತ್ತಿದ್ದ ಕಂಪ್ಯೂಟರ್: ಪ್ರಯಾರಿಟಿ ಇನ್ವರ್ಷನ್ ಬಂದದ್ದೆಲ್ಲಿಂದ, ಹೋದದ್ದು ಹೇಗೆ

1997ರ ಜುಲೈ 4ರಂದು ನಾಸಾದ ಪಾತ್‌ಫೈಂಡರ್ ಮಂಗಳ ಗ್ರಹದ ಮೇಲೆ ಇಳಿಯಿತು. ಸೊಜರ್ನರ್ ಎಂಬ ಪುಟ್ಟ ರೋವರ್ ಕೆಳಗಿಳಿದು ಓಡಾಡಿತು, ಫೋಟೋಗಳು ಬಂದವು, ಎಲ್ಲರಿಗೂ ಖುಷಿ. ಆಮೇಲೆ ಹವಾಮಾನದ ಉಪಕರಣ ಕೆಲಸ ಶುರು ಮಾಡಿತು. ಅದಾಗಿ ಹೆಚ್ಚು ದಿನ ಕಳೆಯುವ ಮೊದಲೇ ಲ್ಯಾಂಡರ್‌ನ ಕಂಪ್ಯೂಟರ್ ಇದ್ದಕ್ಕಿದ್ದಂತೆ ರೀಸೆಟ್ ಆಗತೊಡಗಿತು.

ಅಷ್ಟರವರೆಗೆ ಕಲೆಹಾಕಿದ ಮಾಹಿತಿ ಮೆಮೊರಿಯಲ್ಲಿ ಉಳಿಯುತ್ತಿತ್ತು. ಆದರೆ ರೀಸೆಟ್ ಆದ ಕೂಡಲೇ ಆ ದಿನಕ್ಕೆಂದು ಭೂಮಿಯಿಂದ ಕಳಿಸಿದ್ದ ಆದೇಶಗಳೆಲ್ಲ ಅರ್ಧಕ್ಕೇ ನಿಲ್ಲುತ್ತಿದ್ದವು. ಉಳಿದ ಕೆಲಸ ಮರುದಿನಕ್ಕೆ. ಕಂಪ್ಯೂಟರ್ ಒಂದೇ ಸಲಕ್ಕೆ ತುಂಬಾ ಕೆಲಸ ಮಾಡಲು ಹೋಗಿ ಸುಸ್ತಾಗಿದೆ ಎಂಬ ಧಾಟಿಯಲ್ಲಿ ಪತ್ರಿಕೆಗಳು ಬರೆದವು. ಅದು ಪೂರ್ತಿ ಸುಳ್ಳಲ್ಲ, ಆದರೆ ಕಾರಣ ಅದಲ್ಲ.

ಆ ಲ್ಯಾಂಡರ್‌ನಲ್ಲಿದ್ದದ್ದು ವಿಎಕ್ಸ್‌ವರ್ಕ್ಸ್ ಎಂಬ ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಂ. ಇಂಥ ಸಿಸ್ಟಂಗಳ ನಿಯಮ ಬಹಳ ಸರಳ. ಪ್ರತಿ ಟಾಸ್ಕ್‌ಗೂ ಒಂದು ಪ್ರಯಾರಿಟಿ ಇರುತ್ತದೆ. ಓಡಲು ಸಿದ್ಧವಾಗಿರುವವುಗಳಲ್ಲಿ ಯಾವುದರ ಪ್ರಯಾರಿಟಿ ಜಾಸ್ತಿಯೋ ಸಿಪಿಯು ಅದಕ್ಕೇ. ಕೆಳಗಿನ ಟಾಸ್ಕ್ ಓಡುತ್ತಿರುವಾಗ ಮೇಲಿನದು ಎದ್ದರೆ ಕೆಳಗಿನದನ್ನು ಅಲ್ಲೇ ನಿಲ್ಲಿಸಿ ಮೇಲಿನದನ್ನು ಓಡಿಸುತ್ತಾರೆ. ನ್ಯಾಯ, ಸಮಪಾಲು ಅಂತೆಲ್ಲ ಇಲ್ಲಿ ಏನೂ ಇಲ್ಲ.

ಈ ನಿಯಮ ಕೆಡುವುದು ಲಾಕ್ ಬಂದಾಗ. ಎರಡು ಟಾಸ್ಕ್‌ಗಳು ಒಂದೇ ಡೇಟಾ ಮುಟ್ಟಬೇಕಾದರೆ ನಡುವೆ ಒಂದು ಮ್ಯೂಟೆಕ್ಸ್ ಇಡುತ್ತೇವೆ. ಮ್ಯೂಟೆಕ್ಸ್ ಯಾರ ಕೈಯಲ್ಲಿದೆಯೋ ಅವರು ಬಿಡುವವರೆಗೆ ಉಳಿದವರು ಕಾಯಬೇಕು, ಎಷ್ಟೇ ದೊಡ್ಡ ಪ್ರಯಾರಿಟಿ ಇದ್ದರೂ.

ಒಂದು ಲೆಕ್ಕ ಹಾಕಿ ನೋಡೋಣ. ಮೂರು ಟಾಸ್ಕ್‌ಗಳಿವೆ: ಮೇಲಿನದು, ನಡುವಿನದು, ಕೆಳಗಿನದು. ಕೆಳಗಿನ ಟಾಸ್ಕ್ ಸೊನ್ನೆ ಸಮಯಕ್ಕೆ ಲಾಕ್ ಹಿಡಿಯುತ್ತದೆ. ಅದರೊಳಗಿನ ಕೆಲಸ 2 ಮಿಲಿಸೆಕೆಂಡಿನದು, ಅಷ್ಟೇ. 1 ಮಿಲಿಸೆಕೆಂಡ್ ಆದಾಗ ಮೇಲಿನ ಟಾಸ್ಕ್ ಏಳುತ್ತದೆ, ಅದೇ ಲಾಕ್ ಕೇಳುತ್ತದೆ, ಸಿಗದೆ ಕಾಯುತ್ತದೆ. ಕೆಳಗಿನದು ಮತ್ತೆ ಓಡತೊಡಗುತ್ತದೆ. 1.5ಕ್ಕೆ ನಡುವಿನ ಟಾಸ್ಕ್ ಏಳುತ್ತದೆ. ಅದಕ್ಕೆ ಈ ಲಾಕ್ ಜೊತೆ ಯಾವ ಸಂಬಂಧವೂ ಇಲ್ಲ. ಆದರೆ ಕೆಳಗಿನದಕ್ಕಿಂತ ಪ್ರಯಾರಿಟಿ ಜಾಸ್ತಿ, ಹಾಗಾಗಿ ಸಿಪಿಯು ಕಸಿದುಕೊಂಡು ತನ್ನ 40 ಮಿಲಿಸೆಕೆಂಡ್ ಕೆಲಸಕ್ಕೆ ಕೂರುತ್ತದೆ. ಅದು ಮುಗಿಯುವುದು 41.5ಕ್ಕೆ. ಕೆಳಗಿನದು ಉಳಿದ ಅರ್ಧ ಮಿಲಿಸೆಕೆಂಡ್ ಓಡಿ 42ಕ್ಕೆ ಲಾಕ್ ಬಿಡುತ್ತದೆ. ಮೇಲಿನ ಟಾಸ್ಕ್ ಕಾದದ್ದು ಒಟ್ಟು 41 ಮಿಲಿಸೆಕೆಂಡ್.

ಅದರಲ್ಲಿ 1 ಮಿಲಿಸೆಕೆಂಡ್ ಕಾಯುವುದು ಅನಿವಾರ್ಯವಾಗಿತ್ತು. ಲಾಕ್ ಇಟ್ಟ ಮೇಲೆ ಅಷ್ಟಾದರೂ ಕಾಯಲೇಬೇಕು. ಉಳಿದ 40 ಮಾತ್ರ ಅನ್ಯಾಯದ್ದು. ಮೇಲಿನ ಟಾಸ್ಕ್ ತನಗಿಂತ ಕೆಳಗಿರುವ, ತನಗೆ ಸಂಬಂಧವೇ ಇಲ್ಲದ ಒಂದು ಟಾಸ್ಕ್‌ಗೆ ದಾರಿ ಬಿಟ್ಟು ನಿಂತ ಹಾಗಾಯಿತು. ನಡುವೆ ಇಂಥ ಟಾಸ್ಕ್‌ಗಳು ಒಂದರ ಹಿಂದೆ ಒಂದು ಏಳುತ್ತಾ ಹೋದರೆ ಕಾಯುವಿಕೆಗೆ ಮಿತಿಯೇ ಇಲ್ಲ. ಪ್ರಯಾರಿಟಿ ಇನ್ವರ್ಷನ್ ಎಂದು ಕರೆಯುವುದು ಇದನ್ನೇ.

ಪಾತ್‌ಫೈಂಡರ್‌ನಲ್ಲಿ ಆದದ್ದೂ ಇದೇ, ಹೆಸರುಗಳು ಬೇರೆ. ಅಲ್ಲಿ ಉಪಕರಣಗಳನ್ನು ಕಂಪ್ಯೂಟರ್‌ಗೆ ಜೋಡಿಸುವ 1553 ಎಂಬ ಬಸ್, ಅಂದರೆ ಮಾಹಿತಿ ಸಾಗಿಸುವ ತಂತಿ ಮಾರ್ಗ, ಇತ್ತು. ಉಪಕರಣಗಳ ಮಾಹಿತಿ ಅದರ ಮೂಲಕ ಸೆಕೆಂಡಿಗೆ 8 ಸಲ, ಅಂದರೆ 125 ಮಿಲಿಸೆಕೆಂಡಿಗೊಮ್ಮೆ ಬರುತ್ತಿತ್ತು. ಪ್ರತಿ ಸುತ್ತಿನಲ್ಲೂ ಎರಡು ಟಾಸ್ಕ್‌ಗಳ ಪಾಳಿ. ಬಂದ ಮಾಹಿತಿಯನ್ನು ಹಂಚುವುದು `bc_dist`. ಮುಂದಿನ ಸುತ್ತಿಗೆ ಬಸ್ಸನ್ನು ಸಿದ್ಧ ಮಾಡುವುದು `bc_sched`. ಎರಡಕ್ಕೂ ಪ್ರಯಾರಿಟಿ ಬಹಳ ಮೇಲೆ. `bc_sched` ಎದ್ದ ಕೂಡಲೇ, `bc_dist` ತನ್ನ ಕೆಲಸ ಮುಗಿಸಿದೆಯಾ ಅಂತ ನೋಡುತ್ತಿತ್ತು. ಮುಗಿಸಿಲ್ಲ ಅಂದರೆ ಏನೋ ಗಂಭೀರವಾಗಿ ಕೆಟ್ಟಿದೆ ಎಂದೇ ಲೆಕ್ಕ. ತಕ್ಷಣ ರೀಸೆಟ್.

ಹವಾಮಾನದ ಟಾಸ್ಕ್‌ನ ಪ್ರಯಾರಿಟಿ ಕೆಳಗೆ. ಗಾಳಿಯ ಮಾಹಿತಿ ಒಂದು ಕ್ಷಣ ತಡವಾದರೆ ಏನೂ ಆಗುವುದಿಲ್ಲವಲ್ಲ. ಅದಕ್ಕೆ ಮಾಹಿತಿ ಬರುತ್ತಿದ್ದದ್ದು `bc_dist` ಕಡೆಯಿಂದ, ಒಂದು ಪೈಪ್ ಮೂಲಕ. ಪೈಪ್‌ನಲ್ಲಿ ಏನಾದರೂ ಬಂತಾ ಎಂದು ತಿಳಿಯಲು ಅದು `select()` ಕರೆಯುತ್ತಿತ್ತು. ಲಾಕ್ ಅಡಗಿ ಕೂತಿದ್ದದ್ದು ಅಲ್ಲೇ. ಯಾರು ಯಾವುದಕ್ಕೆ ಕಾಯುತ್ತಿದ್ದಾರೆ ಎಂಬ ಪಟ್ಟಿಯನ್ನು ಕಾಪಾಡಲು `select()` ಒಳಗೊಂದು ಮ್ಯೂಟೆಕ್ಸ್ ಇತ್ತು. ಪಾತ್‌ಫೈಂಡರ್‌ನ ಕೋಡ್ ಬರೆದವರು ಈ ಲಾಕನ್ನು ಕೈಯಾರೆ ಹಾಕಿರಲಿಲ್ಲ, ಅದು ಲೈಬ್ರರಿ ಜೊತೆ ಬಂದದ್ದು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಕಲಿಯಬೇಕಾದ ಸಂಗತಿ ಇದೊಂದೇ: ನಾವು ಬರೆದ ಕೋಡ್‌ನಲ್ಲಿ ಎಷ್ಟು ಹುಡುಕಿದರೂ ಸಿಗದ ಲಾಕ್ ಕೂಡ ನಮ್ಮ ಟಾಸ್ಕನ್ನು ನಿಲ್ಲಿಸುತ್ತದೆ.

ಹವಾಮಾನದ ಟಾಸ್ಕ್ `select()` ಒಳಹೊಕ್ಕು, ಅಲ್ಲಿಂದ `selNodeAdd()` ತಲುಪಿ, ಮ್ಯೂಟೆಕ್ಸ್ ಇನ್ನೇನು ಬಿಡಬೇಕು ಅನ್ನುವಷ್ಟರಲ್ಲಿ ಮೇಲಿನವರು ಅದನ್ನು ನಿಲ್ಲಿಸಿದರು. ನಡುವಿನ ಪ್ರಯಾರಿಟಿಯ ಹಲವು ಟಾಸ್ಕ್‌ಗಳು ಓಡತೊಡಗಿದವು. ಅಷ್ಟರಲ್ಲಿ `bc_dist` ಎದ್ದು, ಹೊಸ ಹವಾಮಾನ ಮಾಹಿತಿಯನ್ನು ಪೈಪ್‌ಗೆ ಬರೆಯಲು ಹೋಯಿತು. ಅದೇ ಮ್ಯೂಟೆಕ್ಸ್, ಸಿಗಲಿಲ್ಲ, ಕಾಯುತ್ತಾ ನಿಂತಿತು. ನಡುವಿನವು ತಮ್ಮ ಪಾಡಿಗೆ ಮುಂದುವರಿದವು. ಸುತ್ತು ಮುಗಿಯಿತು, `bc_sched` ಎದ್ದಿತು, `bc_dist` ಮುಗಿಸಿಲ್ಲ ಅಂತ ಕಂಡುಕೊಂಡಿತು.

ಭೂಮಿಯ ಮೇಲಿನ ಪರೀಕ್ಷೆಯಲ್ಲಿ ಇದು ಕಾಣಲೇ ಇಲ್ಲವಾ? ಉಡಾವಣೆಗೆ ಮೊದಲು ಇಂಥ ರೀಸೆಟ್ ಕಂಡಿತ್ತು. ಆದರೆ ಬೇಕೆಂದಾಗ ಮತ್ತೆ ಬರಿಸಲು ಆಗಲಿಲ್ಲ, ಕಾರಣವೂ ಗೊತ್ತಾಗಲಿಲ್ಲ. ಇಳಿಯುವ ಹಂತದ ಸಾಫ್ಟ್‌ವೇರ್ ಮೇಲೆ ಎಲ್ಲರ ಗಮನ ಇದ್ದ ಹೊತ್ತು ಅದು. ಇಳಿಯುವಾಗ ತಪ್ಪಾದರೆ ಎರಡನೇ ಅವಕಾಶ ಇಲ್ಲ, ಅಲ್ವಾ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಇನ್ನೊಂದು ವಿಚಿತ್ರವೂ ಇದೆ. ಮಂಗಳನಿಂದ ಮಾಹಿತಿ ಕಳಿಸುವ ವೇಗ ತಂಡ ಅಂದುಕೊಂಡ ಅತ್ಯುತ್ತಮ ಲೆಕ್ಕಕ್ಕಿಂತಲೂ ಚೆನ್ನಾಗಿತ್ತು. ಹಾಗಾಗಿ ನಡುವಿನ ಟಾಸ್ಕ್‌ಗಳಿಗೆ ಪರೀಕ್ಷೆಯಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಕೆಲಸ. ನಡುವಿನವು ಹೆಚ್ಚು ಓಡಿದಷ್ಟೂ ಇನ್ವರ್ಷನ್ ಉದ್ದವಾಗುತ್ತದೆ.

ಪತ್ತೆಯಾದದ್ದು ಟ್ರೇಸ್‌ನಿಂದ. ಕ್ಯಾಲಿಫೋರ್ನಿಯಾದ ಜೆಪಿಎಲ್ ಪ್ರಯೋಗಾಲಯದಲ್ಲಿ ಅದೇ ತರದ ಇನ್ನೊಂದು ಕಂಪ್ಯೂಟರ್ ಇತ್ತು. ಯಾವ ಟಾಸ್ಕ್ ಯಾವಾಗ ಓಡಿತು, ಯಾವ ಸೆಮಾಫೋರ್ ಯಾವಾಗ ಹಿಡಿಯಿತು ಎಂಬುದನ್ನೆಲ್ಲ ದಾಖಲಿಸುತ್ತಾ ಅದೇ ಕೆಲಸಗಳನ್ನು ಅದರ ಮೇಲೆ ಓಡಿಸಿದರು. ತಂಡದ ಮುಖ್ಯಸ್ಥ ಗ್ಲೆನ್ ರೀವ್ಸ್ ಬರೆದ ವಿವರಣೆಯಂತೆ 18 ಗಂಟೆಗಳ ಒಳಗೆ ತೊಂದರೆ ಅಲ್ಲೂ ಮರುಕಳಿಸಿತು. ಟ್ರೇಸ್ ಓದಿದ ಮೇಲೆ ಅನುಮಾನ ಉಳಿಯಲಿಲ್ಲ. ಇಂಥ ಟ್ರೇಸ್‌ನಲ್ಲಿ ನೋಡಬೇಕಾದ ಗುರುತು ಒಂದೇ: ಮೇಲಿನ ಟಾಸ್ಕ್ ಲಾಕ್‌ಗೆ ಕಾಯುತ್ತಿದೆ, ಲಾಕ್ ಹಿಡಿದ ಟಾಸ್ಕ್ ಓಡಲು ಸಿದ್ಧವಾಗಿದೆ, ಆದರೂ ಸಿಪಿಯು ಮೂರನೆಯವರ ಹತ್ತಿರ ಇದೆ. ಮೂರೂ ಒಟ್ಟಿಗೆ ಕಂಡರೆ ಬೇರೆ ಸಾಕ್ಷಿ ಬೇಡ.

ಪರಿಹಾರವನ್ನು ಹೊಸದಾಗಿ ಹುಡುಕುವ ಕೆಲಸವೂ ಇರಲಿಲ್ಲ. ಸಮಸ್ಯೆಯನ್ನು ಬಟ್ಲರ್ ಲ್ಯಾಂಪ್ಸನ್ ಮತ್ತು ಡೇವಿಡ್ ರೆಡೆಲ್ 1980ರಲ್ಲೇ ಬರೆದಿದ್ದರು, ಜೆರಾಕ್ಸ್‌ನ ಮೆಸಾ ಎಂಬ ಭಾಷೆಯ ಅನುಭವ ಹೇಳುವಾಗ. ಲುಯಿ ಶಾ, ರಘುನಾಥನ್ ರಾಜ್‌ಕುಮಾರ್ ಮತ್ತು ಜಾನ್ ಲೆಹೊಸ್ಕಿ 1990ರ ಲೇಖನದಲ್ಲಿ ಪ್ರಯಾರಿಟಿ ಇನ್ಹೆರಿಟೆನ್ಸ್ ವಿಧಾನವನ್ನು ವಿವರಿಸಿ, ಕಾಯುವ ಸಮಯಕ್ಕೆ ಮಿತಿ ಸಿಗುತ್ತದೆಂದು ಗಣಿತದಲ್ಲಿ ತೋರಿಸಿದ್ದರು. ವಿಎಕ್ಸ್‌ವರ್ಕ್ಸ್‌ನಲ್ಲೂ ಅದು ಇತ್ತು. ಮ್ಯೂಟೆಕ್ಸ್ ಮಾಡುವಾಗ `SEM_INVERSION_SAFE` ಎಂಬ ಆಯ್ಕೆ ಕೊಟ್ಟರೆ ಸಾಕು. `select()` ಒಳಗಿನ ಮ್ಯೂಟೆಕ್ಸ್‌ಗೆ ಅದನ್ನು ಕೊಟ್ಟಿರಲಿಲ್ಲ, ಅಷ್ಟೇ.

ವಿಧಾನ ಹೀಗೆ. ಮೇಲಿನ ಟಾಸ್ಕ್ ಲಾಕ್‌ಗೆ ಕಾಯತೊಡಗಿದ ಕ್ಷಣದಲ್ಲಿ, ಲಾಕ್ ಹಿಡಿದವನಿಗೆ ತಾತ್ಕಾಲಿಕವಾಗಿ ಕಾಯುವವನ ಪ್ರಯಾರಿಟಿ ಸಿಗುತ್ತದೆ. ಲಾಕ್ ಬಿಟ್ಟ ಕೂಡಲೇ ಹಳೆಯ ಪ್ರಯಾರಿಟಿಗೆ ವಾಪಸ್. ನಮ್ಮ ಲೆಕ್ಕಕ್ಕೆ ಹಾಕಿ ನೋಡಿ. 1ನೇ ಮಿಲಿಸೆಕೆಂಡಿನಲ್ಲಿ ಕೆಳಗಿನ ಟಾಸ್ಕ್ ಮೇಲಕ್ಕೇರುತ್ತದೆ. 1.5ಕ್ಕೆ ನಡುವಿನದು ಎದ್ದರೂ ಅದನ್ನು ತಳ್ಳಲು ಆಗುವುದಿಲ್ಲ. 2ಕ್ಕೆ ಲಾಕ್ ಬಿಡುಗಡೆ. ಮೇಲಿನ ಟಾಸ್ಕ್ ಕಾದದ್ದು 1 ಮಿಲಿಸೆಕೆಂಡ್. ನಡುವಿನದು 40 ಅಲ್ಲ, 400 ಮಿಲಿಸೆಕೆಂಡಿನ ಕೆಲಸ ತಂದರೂ ಇದು ಬದಲಾಗುವುದಿಲ್ಲ.

ಪಾತ್‌ಫೈಂಡರ್ ತಂಡ ಆಯ್ಕೆಯನ್ನು ಸುಮ್ನೆ ಆನ್ ಮಾಡಿ ಕೈ ತೊಳೆದುಕೊಳ್ಳಲಿಲ್ಲ. ಆ ಬದಲಾವಣೆ `select()` ಬಳಸುವ ಎಲ್ಲ ಕಡೆಗೂ ತಟ್ಟುವಂಥದ್ದು. ಬೇರೆ ಟಾಸ್ಕ್‌ಗಳ ವೇಗ, ನಡವಳಿಕೆ ಕೆಡುತ್ತದಾ ಎಂದು ಮೊದಲು ಪರೀಕ್ಷೆ ಮಾಡಿದರು. ಆಮೇಲೆ ಪ್ಯಾಚ್ ಮಂಗಳಕ್ಕೆ ಹೋಯಿತು, ಆ ರೀಸೆಟ್‌ಗಳು ನಿಂತವು.

ಇಂದು ಸಣ್ಣ ಬೋರ್ಡ್‌ಗಳ ಮೇಲೆ ಬಹಳ ಜನ ಬಳಸುವ ಫ್ರೀಆರ್‌ಟಿಓಎಸ್‌ನಲ್ಲಿ ಇದೇ ಎಡವಟ್ಟು ಬೇರೆ ರೂಪದಲ್ಲಿದೆ:

```c
a = xSemaphoreCreateMutex();   /* ಇನ್ಹೆರಿಟೆನ್ಸ್ ಇದೆ */
b = xSemaphoreCreateBinary();  /* ಇಲ್ಲ */
xSemaphoreGive(b);             /* ಬೈನರಿ ಖಾಲಿಯಾಗಿ ಹುಟ್ಟುತ್ತದೆ, ಮೊದಲು ಒಮ್ಮೆ ಬಿಡಬೇಕು */
```

ಎರಡನ್ನೂ `xSemaphoreTake()` ಇಂದಲೇ ಹಿಡಿಯುತ್ತೇವೆ. ಲಾಕ್ ಆಗಿ ಎರಡೂ ಕೆಲಸ ಮಾಡುತ್ತವೆ. ಹಾಗಾಗಿ ಬೈನರಿಯನ್ನೇ ಲಾಕ್ ಮಾಡಿಕೊಂಡ ಕೋಡ್ ವರ್ಷಗಟ್ಟಲೆ ತೊಂದರೆ ಕೊಡದೆ ಓಡಬಹುದು. ವ್ಯತ್ಯಾಸ ಇರುವುದು ಮಾಲೀಕನಲ್ಲಿ. ಮ್ಯೂಟೆಕ್ಸ್‌ಗೆ ತನ್ನನ್ನು ಹಿಡಿದ ಟಾಸ್ಕ್ ಯಾವುದೆಂದು ಗೊತ್ತು, ಕರ್ನಲ್ ಅದನ್ನು ಹುಡುಕಿ ಮೇಲಕ್ಕೆತ್ತುತ್ತದೆ. ಬೈನರಿ ಸೆಮಾಫೋರ್‌ಗೆ ಮಾಲೀಕನೇ ಇಲ್ಲ. ಅದನ್ನು ಒಂದು ಟಾಸ್ಕ್ ಹಿಡಿದು ಇನ್ನೊಂದು, ಅಥವಾ ಒಂದು ಇಂಟರಪ್ಟ್, ಬಿಡಬಹುದು. ಯಾರ ಪ್ರಯಾರಿಟಿ ಏರಿಸಬೇಕು ಅಂತ ಕರ್ನಲ್‌ಗೆ ಹೇಗೆ ಗೊತ್ತಾಗಬೇಕು?

ಇನ್ಹೆರಿಟೆನ್ಸ್ ಇದ್ದರೂ ಕೆಲವು ತೊಂದರೆ ಹಾಗೇ ಉಳಿಯುತ್ತವೆ. ಎರಡು ಟಾಸ್ಕ್‌ಗಳು ಎರಡು ಲಾಕ್‌ಗಳನ್ನು ಉಲ್ಟಾ ಕ್ರಮದಲ್ಲಿ ಹಿಡಿದರೆ, ಎರಡೂ ಒಂದಕ್ಕೊಂದು ಕಾಯುತ್ತಾ ನಿಂತುಬಿಡುವ ಡೆಡ್‌ಲಾಕ್ ಆಗಬಹುದು. ಮೇಲಿನ ಟಾಸ್ಕ್‌ಗೆ ಮೂರು ಲಾಕ್ ಬೇಕಿದ್ದು, ಮೂರೂ ಬೇರೆ ಬೇರೆ ಕೆಳಗಿನ ಟಾಸ್ಕ್‌ಗಳ ಕೈಯಲ್ಲಿದ್ದರೆ ಮೂರು ಸಲ ಕಾಯಬೇಕು. ಇವೆರಡನ್ನೂ ತಡೆಯಲು ಅದೇ 1990ರ ಲೇಖನದಲ್ಲಿ ಪ್ರಯಾರಿಟಿ ಸೀಲಿಂಗ್ ಎಂಬ ಇನ್ನೊಂದು ವಿಧಾನವೂ ಇತ್ತು. ಆದರೆ ಯಾವ ಲಾಕನ್ನು ಯಾವ ಟಾಸ್ಕ್‌ಗಳು ಮುಟ್ಟುತ್ತವೆ ಎಂದು ಅದಕ್ಕೆ ಮೊದಲೇ ತಿಳಿಸಬೇಕು. ಲಾಕ್ ಲೈಬ್ರರಿಯೊಳಗೆ ಅಡಗಿದ್ದರೆ ಆ ಪಟ್ಟಿ ಮಾಡುವುದೇ ಕಷ್ಟ.

ಫ್ರೀಆರ್‌ಟಿಓಎಸ್‌ನದು ಇನ್ನೂ ಸರಳ ಆವೃತ್ತಿ. ಜಾಗ ಮತ್ತು ಸಮಯ ಉಳಿಸಲು ಹಾಗೆ ಮಾಡಿದ್ದಾರೆ. ಒಂದು ಟಾಸ್ಕ್ ಎರಡು ಮ್ಯೂಟೆಕ್ಸ್ ಹಿಡಿದಿದ್ದು, ಒಂದರಿಂದಾಗಿ ಅದರ ಪ್ರಯಾರಿಟಿ ಏರಿತು ಅಂದುಕೊಳ್ಳಿ. ಆ ಒಂದನ್ನು ಬಿಟ್ಟ ಕೂಡಲೇ ಅದು ಕೆಳಗಿಳಿಯುವುದಿಲ್ಲ. ಎರಡನ್ನೂ ಬಿಡುವವರೆಗೆ ಮೇಲೆಯೇ ಇರುತ್ತದೆ. ಆ ಹೊತ್ತಿನಲ್ಲಿ ನಡುವಿನ ಟಾಸ್ಕ್‌ಗಳಿಗೆ ಸಿಪಿಯು ಸಿಗದೆ ಹೋಗಬಹುದು. ಹಾಗಾಗಿ ಮ್ಯೂಟೆಕ್ಸ್ ಕೈಯಲ್ಲಿ ಇಟ್ಟುಕೊಂಡು ಫ್ಲ್ಯಾಶ್‌ಗೆ ಬರೆಯುವ, ಸೀರಿಯಲ್ ಪೋರ್ಟ್‌ಗೆ ಲಾಗ್ ಕಳಿಸುವ ಕೋಡ್ ಕಂಡರೆ ಮೊದಲು ಅದನ್ನು ಲಾಕ್‌ನಿಂದ ಹೊರಗೆ ಹಾಕಿ. ಇನ್ಹೆರಿಟೆನ್ಸ್ ಆನ್ ಇದ್ದರೂ ಮೇಲಿನ ಟಾಸ್ಕ್ ಅಷ್ಟು ಹೊತ್ತು ಕಾಯಲೇಬೇಕು.