ಸರ್ಪಸುತ್ತಿನ ಎರಡು ಲಸಿಕೆಗಳು ಹೇಳುವ ಮುಪ್ಪಿನ ಕಥೆ

ವಯಸ್ಸಾದವರಲ್ಲಿ ಲಸಿಕೆ ಏಕೆ ಸರಿಯಾಗಿ ಹಿಡಿಯುವುದಿಲ್ಲ ಎಂದು ಕೇಳಿದರೆ ಥೈಮಸ್ ಗ್ರಂಥಿಯ ಕಡೆ ಬೆರಳು ತೋರಿಸುವುದು ವಾಡಿಕೆ. ಆರೋಪ ಸುಳ್ಳಲ್ಲ. ಆದರೆ ಅಪರಾಧಿ ಅದೊಂದೇ ಅಲ್ಲ.

ಥೈಮಸ್ ಇರುವುದು ಎದೆಮೂಳೆಯ ಹಿಂದೆ, ಹೃದಯದ ತುಸು ಮೇಲೆ. ಅದು ಕೆಲಸಕ್ಕೆ ಬಾರದ ಅಂಗವೆಂದೇ ವೈದ್ಯರು ಬಹುಕಾಲ ನಂಬಿದ್ದರು. 1961ರಲ್ಲಿ ಲಂಡನ್ನಿನಲ್ಲಿ ಸಂಶೋಧಕ ಜಾಕ್ ಮಿಲ್ಲರ್ ಆಗತಾನೇ ಹುಟ್ಟಿದ ಇಲಿಮರಿಗಳಿಂದ ಅದನ್ನು ತೆಗೆದಾಗ ಅವು ಸೋಂಕಿಗೆ ಸುಲಭವಾಗಿ ಬಲಿಯಾದವು, ಬೇರೆ ಇಲಿಯ ಚರ್ಮವನ್ನು ಕಸಿ ಮಾಡಿದರೂ ತಿರಸ್ಕರಿಸಲಿಲ್ಲ. ರೋಗಾಣುಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳು ಪಳಗುವ ಜಾಗ ಇದೇ ಎಂಬುದು ಆಮೇಲೆ ಸ್ಪಷ್ಟವಾಯಿತು. ಇಲ್ಲಿ ಪ್ರತಿಯೊಂದು ಕೋಶವೂ ತನ್ನ ಡಿಎನ್‌ಎಯ ತುಂಡುಗಳನ್ನು ಕತ್ತರಿಸಿ ಜೋಡಿಸಿ ರೋಗಾಣುವನ್ನು ಗುರುತಿಸುವ ತನ್ನದೇ ಆದ ಗ್ರಾಹಕವನ್ನು ರೂಪಿಸಿಕೊಳ್ಳುತ್ತದೆ. ನಮ್ಮ ದೇಹದ ಮೇಲೆಯೇ ತಿರುಗಿಬೀಳುವಂಥವೂ ಏನನ್ನೂ ಗುರುತಿಸಲಾಗದವೂ ಅಲ್ಲೇ ಸಾಯುತ್ತವೆ. ನೂರರಲ್ಲಿ ನಾಲ್ಕೈದು ಕೋಶಗಳು ಹೊರಬಂದರೆ ಹೆಚ್ಚು.

ಈ ಗ್ರಂಥಿ ಮುಪ್ಪಿಗಾಗಿ ಕಾಯುವುದಿಲ್ಲ. ಬಾಲ್ಯದಲ್ಲೇ ಅದರ ಕೆಲಸ ಮಾಡುವ ಭಾಗ ಕುಗ್ಗತೊಡಗಿ, ಆ ಜಾಗವನ್ನು ಕೊಬ್ಬು ತುಂಬುತ್ತದೆ. ಹೊಸ ಕೋಶಗಳು ಎಷ್ಟು ಬರುತ್ತಿವೆ ಎಂದು ರಕ್ತದಲ್ಲೇ ಅಳೆಯಬಹುದು, ಅದರ ಉಪಾಯ ಸೊಗಸಾಗಿದೆ. ಗ್ರಾಹಕ ರೂಪುಗೊಳ್ಳುವಾಗ ಕತ್ತರಿಸಿಬಿದ್ದ ಡಿಎನ್‌ಎ ಚೂರು ಪುಟ್ಟ ಬಳೆಯಂತೆ ಕೂಡಿಕೊಂಡು ಕೋಶದೊಳಗೇ ಉಳಿಯುತ್ತದೆ. ಕೋಶ ಎರಡಾದಾಗ ಈ ಬಳೆ ಮಾತ್ರ ಎರಡಾಗುವುದಿಲ್ಲ, ಒಂದು ಮರಿಕೋಶಕ್ಕಷ್ಟೇ ಸಿಗುತ್ತದೆ. ಹೀಗಾಗಿ ಬಳೆಗಳು ಹೇರಳವಾಗಿದ್ದರೆ ಕೋಶಗಳು ಥೈಮಸ್‌ನಿಂದ ಈಚೆಗೆ ಬಂದವು, ವಿರಳವಾಗಿದ್ದರೆ ಹಳೆಯವೇ ಒಡೆದು ಒಡೆದು ಸಂಖ್ಯೆ ತುಂಬಿವೆ ಎಂದರ್ಥ. ವೃದ್ಧರ ರಕ್ತದಲ್ಲಿ ಅವು ತೀರ ವಿರಳ. ಇನ್ನೂ ಯಾವ ರೋಗಾಣುವನ್ನೂ ಎದುರಿಸದ ಎಳೆಯ ಟಿ ಕೋಶಗಳ ವೈವಿಧ್ಯ ಹೀಗೆ ಕರಗುತ್ತದೆ: ಕೆಲವು ವಂಶಗಳು ಬೆಳೆಯುತ್ತವೆ, ಕೆಲವು ಅಳಿದೇಹೋಗುತ್ತವೆ.

ಹಾಗಾದರೆ ಎಲ್ಲ ಲಸಿಕೆಗಳೂ ವೃದ್ಧರಲ್ಲಿ ಸೋಲಬೇಕಲ್ಲವೇ? ಸರ್ಪಸುತ್ತನ್ನು ನೋಡಿ. ಬಾಲ್ಯದಲ್ಲಿ ಚಿಕನ್‌ಪಾಕ್ಸ್ ತಂದ ವೈರಸ್ ಗುಣವಾದ ಮೇಲೂ ನರಗಂಟುಗಳಲ್ಲಿ ಅವಿತಿರುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವುದು ಮುಖ್ಯವಾಗಿ ಹಳೆಯ ನೆನಪಿರುವ ಟಿ ಕೋಶಗಳು. ಅವು ಸೊರಗಿದಾಗ ವೈರಸ್ ನರದ ಗುಂಟ ಚರ್ಮಕ್ಕೆ ಬಂದು ಉರಿಯುವ ಬೊಕ್ಕೆಗಳನ್ನು ಎಬ್ಬಿಸುತ್ತದೆ.

ಮೊದಲ ಲಸಿಕೆಯಲ್ಲಿದ್ದುದು ಬಲಗುಂದಿಸಿದ ಜೀವಂತ ವೈರಸ್. ಅದರ ದೊಡ್ಡ ಪರೀಕ್ಷೆಯ ಫಲಿತಾಂಶ 2005ರಲ್ಲಿ ಹೊರಬಂತು. ಅರುವತ್ತರಿಂದ ಅರುವತ್ತೊಂಬತ್ತರ ವಯಸ್ಸಿನವರಲ್ಲಿ ಸರ್ಪಸುತ್ತಿನ ಪ್ರಕರಣಗಳು ಸುಮಾರು 64 ಶೇಕಡಾ ಕಡಿಮೆಯಾದವು, ಎಪ್ಪತ್ತು ದಾಟಿದವರಲ್ಲಿ ಬರೀ 38 ಶೇಕಡಾ. ಮುಪ್ಪಿನ ಮುಂದೆ ಲಸಿಕೆ ಸೋತಂತೆಯೇ ಕಂಡಿತು.

ಹತ್ತೇ ವರ್ಷಗಳಲ್ಲಿ ಎರಡನೆಯದು ಬಂತು. ಅದರಲ್ಲಿ ವೈರಸ್ ಇಲ್ಲ, ಅದರ ಹೊರಮೈಯ ಒಂದೇ ಪ್ರೋಟೀನ್ ಇದೆ. ಜೊತೆಗೆ ರೋಗನಿರೋಧಕ ವ್ಯವಸ್ಥೆಯನ್ನು ಬಡಿದೆಬ್ಬಿಸುವ ಎರಡು ವಸ್ತುಗಳಿವೆ: ಒಂದು ಬ್ಯಾಕ್ಟೀರಿಯಾದ ಹೊರಪದರದ ಕೊಬ್ಬಿನಿಂದ ಬಂದದ್ದು, ಇನ್ನೊಂದು ದಕ್ಷಿಣ ಅಮೆರಿಕದ ಕ್ವಿಲಾಯಾ ಮರದ ತೊಗಟೆಯದು. ಎರಡು ಡೋಸ್ ಪಡೆದ ಎಪ್ಪತ್ತು ದಾಟಿದವರಲ್ಲಿ ರಕ್ಷಣೆ ಸುಮಾರು 90 ಶೇಕಡಾ. ಥೈಮಸ್ ಅಷ್ಟೇ ಕುಗ್ಗಿತ್ತು, ಆದರೂ ಲಸಿಕೆ ಗೆದ್ದಿತು.

ಕಾರಣ ಎರಡು. ಇಲ್ಲಿ ಹೊಸ ಕೋಶಗಳು ಬೇಕಿರಲಿಲ್ಲ, ಸೊರಗಿದ ಹಳೆಯ ನೆನಪಿನ ಕೋಶಗಳನ್ನು ಮತ್ತೆ ಬೆಳೆಸಿದರೆ ಸಾಕಿತ್ತು. ಆದರೆ ಅವನ್ನು ಕರೆಯುವ ಕೋಶಗಳಿಗೂ ವಯಸ್ಸಾಗಿರುತ್ತದೆ. ಸೂಜಿ ಚುಚ್ಚಿದ ಜಾಗದಿಂದ ಪ್ರೋಟೀನನ್ನು ಹೊತ್ತು ದುಗ್ಧರಸ ಗ್ರಂಥಿಗೆ ತಲುಪಿಸಿ ‘ಇದು ಅಪಾಯ’ ಎಂದು ಸಾರಬೇಕಾದ ಕೋಶಗಳು ಮುಪ್ಪಿನಲ್ಲಿ ಮಂಕಾಗುತ್ತವೆ. ಆ ಎರಡು ವಸ್ತುಗಳು ಸರಿಪಡಿಸಿದ್ದು ಇದನ್ನೇ. ಅವಿಲ್ಲದೆ ಪ್ರೋಟೀನನ್ನಷ್ಟೇ ಕೊಟ್ಟಾಗ ಪ್ರತಿಕ್ರಿಯೆ ಬಹಳ ದುರ್ಬಲವಾಗಿತ್ತು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ, ತೋಳುನೋವು, ಜ್ವರ, ಒಂದೆರಡು ದಿನದ ಸುಸ್ತು ಈ ಲಸಿಕೆಯಲ್ಲಿ ಸಾಮಾನ್ಯ.

ದೇಹ ಎಂದೂ ಕಾಣದ ರೋಗಾಣುವಿನ ಎದುರು ಈ ಉಪಾಯಕ್ಕೆ ಮಿತಿಯಿದೆ. ಇಲ್ಲದ ಗ್ರಾಹಕವನ್ನು ಯಾವ ವಸ್ತುವೂ ಹುಟ್ಟಿಸಲಾರದು. ಹಳದಿ ಜ್ವರದ ಲಸಿಕೆಯಲ್ಲಿ ಇದು ಎದ್ದು ಕಾಣುತ್ತದೆ. ಅದೂ ಬಲಗುಂದಿಸಿದ ಜೀವಂತ ವೈರಸ್. ಮೊದಲ ಸಲ ಹಾಕಿಸಿಕೊಳ್ಳುವ ವೃದ್ಧರಲ್ಲಿ ಪ್ರತಿಕಾಯಗಳು ತಡವಾಗಿ ಹುಟ್ಟುತ್ತವೆ, ಆ ತಡದಲ್ಲಿ ಲಸಿಕೆಯ ವೈರಸ್ಸೇ ರಕ್ತದಲ್ಲಿ ಹೆಚ್ಚು ಬೆಳೆಯಬಲ್ಲದು. ಗಂಭೀರ ಅಡ್ಡಪರಿಣಾಮ ಅಪರೂಪವಾದರೂ ಅರುವತ್ತು ದಾಟಿದವರಲ್ಲಿ ಅದರ ಸಾಧ್ಯತೆ ಹೆಚ್ಚು. ಅದಕ್ಕೇ ಆ ವಯಸ್ಸಿನವರು ಹಳದಿ ಜ್ವರವಿರುವ ಪ್ರದೇಶಕ್ಕೆ ಹೊರಟಾಗ, ಅಲ್ಲಿ ಸೋಂಕು ತಗಲುವ ಅಪಾಯ ಎಷ್ಟು ಎಂದು ತೂಗಿ ನೋಡಿದ ಮೇಲೆಯೇ ವೈದ್ಯರು ಲಸಿಕೆ ಕೊಡುತ್ತಾರೆ.