ಆಫರ್ ಒಪ್ಕೊಳ್ಳೋ ಮೇಲ್ ತಿದ್ದುವಾಗ ಡೇಟು, ಸಂಬಳ ಯಾಕೆ ಮುಟ್ಟಬಾರ್ದು?

ಪ್ರಶ್ನೆ: "ಆಫರ್ ಒಪ್ಕೊಂಡು ಮೇಲ್ ಬರ್ದಿದೀನಿ, ಭಾಷೆ ಸರಿ ಇಲ್ಲ ಅನ್ಸುತ್ತೆ. ಜಾಯಿನಿಂಗ್ ಡೇಟು, ಸಂಬಳ ಹಾಗೇ ಇರ್ಬೇಕು, ಉಳಿದಿದ್ದನ್ನ ಹೇಗೆ ತಿದ್ದೋದು?"

ಇದನ್ನ ಎಷ್ಟನೇ ಸಲ ಬರೀತಿದೀನೋ ಲೆಕ್ಕ ಇಲ್ಲ, ಇರ್ಲಿ. ಕಳಿಸಿದ ಮೇಲ್ ಹೀಗಿತ್ತು: "ಸರ್ ನೀವು ಕಳಿಸಿದ ಆಫರ್ ಲೆಟರ್ ಓದಿ ತುಂಬಾ ಖುಷಿ ಆಯಿತು ಒಪ್ಪಿಕೊಳ್ಳಬೇಕು ಅಂದುಕೊಂಡಿದ್ದೇನೆ ವಾರ್ಷಿಕ ಒಟ್ಟು ಸಂಬಳ 6,00,000, ಇದರಲ್ಲಿ ವೇರಿಯಬಲ್ 60,000 ಹಾಗೂ ಸೇರುವ ದಿನಾಂಕ 03/08/2026 ನನಗೆ ಓಕೆ."

ಪೂರ್ಣವಿರಾಮ ಇಲ್ಲದಿರೋದು ಸಣ್ಣ ವಿಷಯ. ದೊಡ್ಡ ತಪ್ಪು ಇರೋದು "ಒಪ್ಪಿಕೊಳ್ಳಬೇಕು ಅಂದುಕೊಂಡಿದ್ದೇನೆ" ಅನ್ನೋದ್ರಲ್ಲಿ. ಅಂದ್ಕೊಂಡಿದೀರ, ಆದ್ರೆ ಒಪ್ಕೊಂಡ್ರಾ ಇಲ್ವಾ? ಓದೋ ಎಚ್‌ಆರ್ ಅವ್ರಿಗೆ ಗೊತ್ತಾಗಲ್ಲ. ತಿದ್ದಿದ ಮೇಲೆ ಹೀಗಿರ್ಬೇಕು:

```
ನಮಸ್ಕಾರ,
ನೀವು ಕಳಿಸಿದ ಆಫರ್ ಲೆಟರ್ ಓದಿದ್ದೇನೆ. ಈ ಆಫರನ್ನು ಒಪ್ಪಿಕೊಂಡಿದ್ದೇನೆ.
ವಾರ್ಷಿಕ ಒಟ್ಟು ಸಂಬಳ 6,00,000, ಇದರಲ್ಲಿ ವೇರಿಯಬಲ್ 60,000
ಸೇರುವ ದಿನಾಂಕ 03/08/2026
ಈ ಮೇಲ್ ತಲುಪಿದ್ದನ್ನು ದಯವಿಟ್ಟು ತಿಳಿಸಿ.
```

ಸಂಬಳದ ಸಾಲು, ಡೇಟಿನ ಸಾಲು ಎರಡೂ ಅಲ್ಲಾಡಿಲ್ಲ ನೋಡಿ, ಬೇರೆ ಬೇರೆ ಸಾಲಿಗೆ ಬಂದ್ವು ಅಷ್ಟೇ.

ಈಗ ಆ ಹಳೇ ಮಾತಿಗೆ ಬರ್ತೀನಿ. "ಬರೆಯೋ ರೀತಿ ಬದಲಾದ್ರೇನು, ಅರ್ಥ ಒಂದೇ ತಾನೇ" ಅಂತಾರೆ. ಒಂದೇ ಅಲ್ಲ ಮಾರಾಯ್ರೇ. ಮೇಲ್ ನೀಟಾಗಿ ಕಾಣ್ಲಿ ಅಂತ ಒಬ್ರು ಸಂಬಳನ "ತಿಂಗಳಿಗೆ 50,000" ಅಂತ ತಿದ್ದಿದ್ರು. 6,00,000ನ 12ರಿಂದ ಭಾಗಿಸಿದ್ರೆ 50,000 ಬರುತ್ತೆ, ನಿಜ. ಆದ್ರೆ ವೇರಿಯಬಲ್ ಅನ್ನೋದು ತಿಂಗಳು ತಿಂಗಳು ಗ್ಯಾರಂಟಿ ಬರೋ ದುಡ್ಡಲ್ಲ, ಅದನ್ನ ಕಳೆದ್ರೆ ಉಳಿಯೋದು 5,40,000, ಅಂದ್ರೆ ತಿಂಗಳಿಗೆ 45,000, ಅದೂ ಕಡಿತಗಳಿಗೆ ಮುಂಚೆ. ಅಂದ್ರೆ ಅವ್ರು ಕೊಡ್ತೀವಿ ಅಂತ ಹೇಳದೇ ಇರೋ ಸಂಬಳನ ಇವ್ರು ಒಪ್ಕೊಂಡಂಗಾಯ್ತು! ಡೇಟಿಂದೂ ಇದೇ ಕಥೆ. 03/08 ಅಂದ್ರೆ ದಿನ ಮೊದ್ಲು ಬರೆಯೋರಿಗೆ ಆಗಸ್ಟ್ 3, ತಿಂಗಳು ಮೊದ್ಲು ಬರೆಯೋರಿಗೆ ಮಾರ್ಚ್ 8. 2026ರಲ್ಲಿ ಮಾರ್ಚ್ 8 ಭಾನುವಾರ, ಆಗಸ್ಟ್ 3 ಸೋಮವಾರ, ಹಾಗಾಗಿ ಆಗಸ್ಟೇ ಇರ್ಬೇಕು ಅಂತ ಊಹಿಸ್ಬೋದು. ಆದ್ರೆ ಊಹೆನ ಒಪ್ಪಿಗೆ ಮೇಲ್ ಒಳಗೆ ತುರುಕೋದಲ್ಲ, ಕಳ್ಸೋಕೆ ಮುಂಚೆ ಬೇರೆ ಮೇಲ್‌ನಲ್ಲಿ ಒಂದು ಸಾಲು ಕೇಳಿ.

ಕಾನೂನಿನಲ್ಲೂ ಇದಕ್ಕೆ ಬೆಲೆ ಇದೆ. ಶರತ್ತು ಬದಲಿಸಿ ಒಪ್ಕೊಂಡ್ರೆ ಅದು ಒಪ್ಪಿಗೆ ಅಲ್ಲ, ಹೊಸ ಆಫರ್ ಇಟ್ಟಂಗೆ. 1840ರಲ್ಲಿ ಇಂಗ್ಲೆಂಡಿನ ಹೈಡ್ ವರ್ಸಸ್ ರೆಂಚ್ ಕೇಸಲ್ಲಿ 1,000 ಪೌಂಡಿಗೆ ಜಮೀನು ಕೊಡ್ತೀನಿ ಅಂದವನಿಗೆ ಇನ್ನೊಬ್ಬ 950 ಅಂದ, ಅವನು ಒಪ್ಪಲಿಲ್ಲ, ಆಮೇಲೆ ಇವನು ಸರಿ 1,000ಕ್ಕೇ ತಗೋತೀನಿ ಅಂದ. ಕೋರ್ಟ್ ಆಗಲ್ಲ ಅಂತು, ಯಾಕಂದ್ರೆ 950 ಅಂದಾಗ್ಲೇ ಮೊದಲ ಆಫರ್ ಸತ್ತೋಗಿತ್ತು. ನಿಮ್ಮ ಎಚ್‌ಆರ್ ಒಂದು ಅಂಕಿಗೆ ಕೋರ್ಟಿಗೆ ಹೋಗಲ್ಲ ಬಿಡಿ, ಆದ್ರೆ "ನಾವು ಕೊಟ್ಟಿದ್ದು ಇದಲ್ವಲ್ಲ" ಅಂತ ಫೈಲು ಪಕ್ಕಕ್ಕಿಡ್ತಾರೆ, ಅಷ್ಟು ಸಾಕು.

ತಿದ್ದೋ ರೀತಿ ಇಷ್ಟೇ: ಶುರು ಮಾಡೋಕೆ ಮುಂಚೆ ಆ ಎರಡು ಸಾಲು ಕಾಪಿ ಮಾಡಿ ಬೇರೆ ಕಡೆ ಇಟ್ಕೊಳ್ಳಿ, ಉಳಿದಿದ್ದನ್ನ ಹೇಗಾದ್ರೂ ತಿದ್ದಿ, ಕೊನೇಲಿ Ctrl+F ಒತ್ತಿ ಆಫರ್ ಲೆಟರ್‌ನಲ್ಲಿರೋ ಅಂಕಿನ ನಿಮ್ಮ ಮೇಲ್‌ನಲ್ಲಿ ಹುಡುಕಿ. ಸಿಕ್ಲಿಲ್ಲ ಅಂದ್ರೆ ಎಲ್ಲೋ ಕೈ ತಾಗಿದೆ, ಹೆಚ್ಚಾಗಿ ಒಂದು ಕಾಮಾನೋ ಸೊನ್ನೆನೋ ಹೋಗಿರುತ್ತೆ. ಕಣ್ಣಲ್ಲಿ ನೋಡಿದ್ರೆ 6,00,000 ಮತ್ತೆ 60,000 ಎರಡೂ ಸರಿಯಾಗೇ ಕಾಣುತ್ತೆ, ಅದಕ್ಕೇ ಹುಡುಕ್ಸೋದು.

ಇನ್ನೊಂದು, ಯಾರೂ ಕೇಳಿಲ್ಲ ಆದ್ರೂ ಹೇಳ್ತೀನಿ. ಹೊಸ ಮೇಲ್ ಬರೀಬೇಡಿ, ಆಫರ್ ಬಂದ ಮೇಲ್‌ಗೇ ರಿಪ್ಲೈ ಮಾಡಿ, ಸಬ್ಜೆಕ್ಟ್ ಲೈನ್ ಅವ್ರು ಬರ್ದಿದ್ದೇ ಇರ್ಲಿ. ಆಗ ಕೆಳಗೆ ಅವ್ರ ಮಾತು, ಮೇಲೆ ನಿಮ್ಮ ಮಾತು ಒಂದೇ ಕಡೆ ಇರುತ್ತೆ, ಆರು ತಿಂಗಳ ಮೇಲೆ ಯಾರಾದ್ರೂ ತೆಗ್ದು ನೋಡಿದ್ರೂ ಯಾವ ಆಫರ್‌ಗೆ ಹೂಂ ಅಂದ್ರಿ ಅನ್ನೋ ಗೊಂದಲ ಇರಲ್ಲ. ಹಳೇ ಕೆಲ್ಸಕ್ಕೆ ರಾಜೀನಾಮೆ ಮಾತ್ರ ಅವ್ರಿಂದ "ಮೇಲ್ ಸಿಕ್ತು" ಅಂತ ಉತ್ತರ ಬಂದ ಮೇಲೇ ಕೊಡಿ.