ಶ್ಯಾಡೋ, ಆಂಬಿಯೆಂಟ್ ಅಕ್ಲೂಷನ್, ಡ್ರಾ ಡಿಸ್ಟೆನ್ಸ್: ಯಾವುದು ಎಷ್ಟು ಎಫ್‌ಪಿಎಸ್ ತಿನ್ನುತ್ತೆ?

ಪ್ರಶ್ನೆ: ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಗೊಂಡು ಹಾಕಿದ್ದೇನೆ. ಓಪನ್ ವರ್ಲ್ಡ್ ಗೇಮಲ್ಲಿ ಕಾಡಲ್ಲಿ 60 ಬರುತ್ತೆ, ಸಿಟಿಗೆ ಬಂದ್ರೆ 40ಕ್ಕೆ ಇಳಿಯುತ್ತೆ. ಮೊದಲು ಯಾವ ಸೆಟ್ಟಿಂಗ್ ಇಳಿಸಲಿ? (ವಿಜಯನಗರದ ಓದುಗರು)

ಉತ್ತರ: ಮೊದಲು ಲೆಕ್ಕವನ್ನು ಎಫ್‌ಪಿಎಸ್ ಬಿಟ್ಟು ಮಿಲಿಸೆಕೆಂಡಿಗೆ ತನ್ನಿ. 40 ಎಫ್‌ಪಿಎಸ್ ಅಂದ್ರೆ ಒಂದು ಫ್ರೇಮಿಗೆ 25 ಮಿಲಿಸೆಕೆಂಡ್, 60 ಅಂದ್ರೆ ಸುಮಾರು 16.7. ಯಾವುದೋ ಒಂದು ಆಪ್ಷನ್ 2 ಮಿಲಿಸೆಕೆಂಡ್ ತಗೊಳ್ಳುತ್ತೆ ಅಂದುಕೊಳ್ಳಿ. ಅದನ್ನು ಆಫ್ ಮಾಡಿದರೆ 40 ಇದ್ದದ್ದು 43 ಚಿಲ್ಲರೆ ಆಗುತ್ತೆ, ಆದರೆ 120 ಬರುತ್ತಿದ್ದವರಿಗೆ ಅದೇ ಆಪ್ಷನ್ 158ರ ತನಕ ಕೊಡುತ್ತೆ. ಹಾಗಾಗಿ "ಇದು ಆಫ್ ಮಾಡಿದ್ರೆ ಇಷ್ಟು ಎಫ್‌ಪಿಎಸ್ ಜಾಸ್ತಿ" ಅಂತ ಬೇರೆಯವರು ಹೇಳುವ ನಂಬರ್ ನಿಮ್ಮ ಪಿಸಿಗೆ ಹೊಂದಲ್ಲ.

ಎರಡನೇದು, ಖರ್ಚು ಯಾರ ಮೇಲೆ ಬೀಳುತ್ತೆ ಅನ್ನೋದು. ಆಂಬಿಯೆಂಟ್ ಅಕ್ಲೂಷನ್ ಗೋಡೆ ಮೂಲೆ, ಮೇಜಿನ ಕೆಳಗೆಲ್ಲ ಮಬ್ಬು ನೆರಳು ಕೂರಿಸುತ್ತೆ. ಸಾಮಾನ್ಯವಾಗಿ ಅದು ಪಿಕ್ಸೆಲ್ ಪಿಕ್ಸೆಲ್‌ಗೂ ಸುತ್ತಮುತ್ತ ಏನಿದೆ ಅಂತ ನೋಡುವ ಕೆಲಸ, ಹೆಚ್ಚುಕಮ್ಮಿ ಪೂರ್ತಿ ಜಿಪಿಯುದ್ದೇ. 1080ಪಿಯಿಂದ 1440ಪಿಗೆ ಹೋದರೆ ಪಿಕ್ಸೆಲ್ 1.78 ಪಟ್ಟಾಗುತ್ತೆ, ಇದರ ಖರ್ಚೂ ಜೊತೆಗೇ ಏರುತ್ತೆ. ಸಿಟಿಯಲ್ಲಿ ಜನ ಎಷ್ಟಿದ್ದಾರೆ ಅನ್ನೋದು ಇದಕ್ಕೆ ಅಷ್ಟಾಗಿ ಲೆಕ್ಕಕ್ಕಿಲ್ಲ.

ಡ್ರಾ ಡಿಸ್ಟೆನ್ಸ್ ಇದಕ್ಕೆ ಉಲ್ಟಾ. ದೂರ ಎರಡು ಪಟ್ಟಾದರೆ ಜಾಗ ನಾಲ್ಕು ಪಟ್ಟಾಗುತ್ತೆ, ಅಲ್ಲಿರುವ ಒಂದೊಂದು ಮನೆ, ಕಂಬ, ಮರವನ್ನು ಬಿಡಿಸು ಅಂತ ಜಿಪಿಯುಗೆ ಹೇಳಬೇಕಾದದ್ದು ಸಿಪಿಯು. ಗೇಮ್‌ಗಳು ದೂರದ ವಸ್ತುಗಳನ್ನು ಸರಳ ಮಾಡಿ ಸ್ವಲ್ಪ ಉಳಿಸುತ್ತವೆ, ಆದರೂ ಹಳೇ ಸಿಪಿಯು ಇಲ್ಲೇ ಸುಸ್ತಾಗೋದು.

ಶ್ಯಾಡೋ ಇಬ್ಬರನ್ನೂ ಹಿಡಿಯುತ್ತೆ. ಸೂರ್ಯನ ಕಡೆಯಿಂದ ನೋಡಿದರೆ ದೃಶ್ಯ ಹೇಗಿರುತ್ತೋ ಅದನ್ನು ಇನ್ನೊಂದು ಸಲ ಬಿಡಿಸಬೇಕು, ಅದೂ ಹತ್ತಿರಕ್ಕೆ ಒಂದು ನೆರಳಿನ ಮ್ಯಾಪ್, ದೂರಕ್ಕೆ ಇನ್ನೊಂದು ಅಂತ ಹಲವು ಸಲ. ಕ್ವಾಲಿಟಿ ಏರಿಸಿ ಮ್ಯಾಪ್ 2048ರಿಂದ 4096 ಆದರೆ ಪಿಕ್ಸೆಲ್ ನಾಲ್ಕು ಪಟ್ಟು, ಅದು ಜಿಪಿಯು ಖರ್ಚು. ಶ್ಯಾಡೋ ಡಿಸ್ಟೆನ್ಸ್ ಏರಿಸಿದರೆ ವಸ್ತುಗಳ ಸಂಖ್ಯೆ ಏರುತ್ತೆ, ಅದು ಸಿಪಿಯುಗೂ ಭಾರ. ನನ್ನ ಪ್ರಕಾರ ಅಲ್ಟ್ರಾದಿಂದ ಮೀಡಿಯಂಗೆ ಇಳಿಸೋಕೆ ಇದಕ್ಕಿಂತ ಒಳ್ಳೇ ಆಪ್ಷನ್ ಇಲ್ಲ. ಓಡಾಡುವಾಗ ನೆರಳಿನ ಅಂಚು ಯಾರ ಕಣ್ಣಿಗೂ ಬೀಳಲ್ಲ.

ಈಗ ನಿಮ್ಮ ಪಿಸಿ. ವಿ-ಸಿಂಕ್, ಎಫ್‌ಪಿಎಸ್ ಲಿಮಿಟ್ ಎರಡೂ ತೆಗೆಯಿರಿ. ಸಿಟಿಯಲ್ಲಿ ಒಂದೇ ಜಾಗದಲ್ಲಿ, ಒಂದೇ ದಿಕ್ಕಿಗೆ ನೋಡ್ತಾ ನಿಂತು ರೆಸಲ್ಯೂಷನ್ 720ಪಿಗೆ ಇಳಿಸಿ. ಆಗಲೂ 40ರ ಆಸುಪಾಸಲ್ಲೇ ನಿಂತರೆ ಸಿಪಿಯು ಸೋತಿದೆ ಅಂತ ಅರ್ಥ. ಟಾಸ್ಕ್ ಮ್ಯಾನೇಜರ್ 50% ತೋರಿಸಿದರೂ ನಂಬಬೇಡಿ, ಅದು ಎಲ್ಲಾ ಕೋರ್‌ಗಳ ಸರಾಸರಿ, ಒಂದು ಕೋರ್ ಪೂರ್ತಿ ತುಂಬಿರಬಹುದು. ಕಾಡಲ್ಲಿ ಸರಿ ಇದ್ದು ಸಿಟಿಯಲ್ಲಿ ಮಾತ್ರ ಬೀಳೋದ್ರಿಂದ ನನಗೆ ಇದೇ ಅನುಮಾನ. ಹಾಗಿದ್ರೆ ಡ್ರಾ ಡಿಸ್ಟೆನ್ಸ್, ಶ್ಯಾಡೋ ಡಿಸ್ಟೆನ್ಸ್, ಜನಸಂದಣಿ ಈ ಮೂರನ್ನು ಇಳಿಸಿ, ಆಂಬಿಯೆಂಟ್ ಅಕ್ಲೂಷನ್ ಸುಮ್ನೆ ಆಫ್ ಮಾಡಬೇಡಿ, ಏನೂ ಸಿಗಲ್ಲ. 720ಪಿಯಲ್ಲಿ ಎಫ್‌ಪಿಎಸ್ ಚೆನ್ನಾಗಿ ಏರಿದರೆ ಮಾತ್ರ ಶ್ಯಾಡೋ ಕ್ವಾಲಿಟಿ ಮೊದಲು, ಆಮೇಲೆ ಆಂಬಿಯೆಂಟ್ ಅಕ್ಲೂಷನ್ ಇಳಿಸಿ.